40 ನಿಮಿಷದಲ್ಲಿ ಸ್ವಂತ ಅನುಭವದ ಪ್ರಬಂಧ ಬರೆಯುವುದು ಹೇಗೆ?

ಪ್ರಶ್ನೆಪತ್ರಿಕೆಯಲ್ಲಿ ‘ನನ್ನ ಯೋಚನೆಯನ್ನು ಬದಲಿಸಿದ ಒಂದು ಘಟನೆ’ ಅಂತ ವಿಷಯ ಕೊಟ್ಟಿದ್ದಾರೆ. ಸಮಯ 40 ನಿಮಿಷ. ಹೆಚ್ಚಿನ ಮಕ್ಕಳು ಮಾಡುವುದೇನು ಅಂದರೆ, ಮನಸ್ಸಿಗೆ ಮೊದಲು ಬಂದ ಘಟನೆಯನ್ನೇ ಹಿಡಿದು ತಕ್ಷಣ ಬರೆಯಲು ಶುರು ಮಾಡುತ್ತಾರೆ, ಒಂದು ಪುಟ ಪೀಠಿಕೆಗೇ ಹೋಗುತ್ತದೆ, ನಿಜವಾಗಿ ಹೇಳಬೇಕಾದದ್ದು ಬರುವ ಹೊತ್ತಿಗೆ ಗಂಟೆ ಹೊಡೆಯುತ್ತದೆ. ಆಮೇಲೆ ಉಳಿಯುವುದು ಎರಡು ಸಾಲು ನೀತಿ ಮಾತು. ಓದುವವರಿಗೆ ಬರೆದವರು ಯಾರು ಅಂತ ಗೊತ್ತೇ ಆಗುವುದಿಲ್ಲ.

ಇಂಥ ಪ್ರಬಂಧದಲ್ಲಿ ಭಾಷೆ ಎಷ್ಟು ಅಲಂಕಾರವಾಗಿದೆ ಅನ್ನುವುದಕ್ಕಿಂತ ಯಾವ ಘಟನೆ ಆರಿಸಿಕೊಂಡಿರಿ, ಅದರ ಯಾವ ಗಳಿಗೆಗೆ ಜಾಗ ಕೊಟ್ಟಿರಿ ಅನ್ನುವುದೇ ಮುಖ್ಯ. ಪ್ರಾಮಾಣಿಕತೆಯೂ ಅಲ್ಲಿಂದಲೇ ಬರುತ್ತದೆ. ಹಾಗಾಗಿ 40 ನಿಮಿಷವನ್ನು ಹೀಗೆ ಹಂಚಿಕೊಳ್ಳಿ: ಮೊದಲ 7 ನಿಮಿಷ ಯೋಚಿಸಲು, 28 ನಿಮಿಷ ಬರೆಯಲು, ಕೊನೆಯ 5 ನಿಮಿಷ ಓದಿ ತಿದ್ದಲು. ಪಕ್ಕದವರು ಆಗಲೇ ಅರ್ಧ ಪುಟ ಬರೆದಿರುವುದು ಕಂಡರೂ ಆ 7 ನಿಮಿಷವನ್ನು ಬಿಟ್ಟುಕೊಡಬೇಡಿ.

ಮೊದಲ ನಿಮಿಷ: ವಿಷಯ ಏನು ಕೇಳುತ್ತಿದೆ?

ಅನುಭವದ ವಿಷಯಗಳಲ್ಲಿ ಸಾಮಾನ್ಯವಾಗಿ ಎರಡು ಬೇಡಿಕೆ ಇರುತ್ತವೆ. ಒಂದು, ಏನಾಯಿತು ಹೇಳಿ. ಇನ್ನೊಂದು, ಅದರಿಂದ ನಿಮಗೆ ಏನಾಯಿತು ಹೇಳಿ. ‘ಯೋಚನೆಯನ್ನು ಬದಲಿಸಿದ ಒಂದು ಘಟನೆ’ ಅಂದಾಗ ‘ಒಂದು ಘಟನೆ’ ಮತ್ತು ‘ಬದಲಿಸಿದ’ ಎರಡಕ್ಕೂ ಅಡಿಗೆರೆ ಹಾಕಿ. ಒಂದು ಅಂದರೆ ಒಂದೇ. ಬಾಲ್ಯದ ಮೂರು ನೆನಪು ಬೇಡ. ಬದಲಿಸಿದ ಅಂದರೆ ಮೊದಲು ನೀವು ಹೇಗೆ ಯೋಚಿಸುತ್ತಿದ್ದಿರಿ ಅನ್ನುವುದೂ ಪ್ರಬಂಧದಲ್ಲಿ ಎಲ್ಲೋ ಒಂದು ಕಡೆ ಬರಲೇಬೇಕು, ಇಲ್ಲದಿದ್ದರೆ ಏನು ಬದಲಾಯಿತು ಅಂತ ಓದುವವರಿಗೆ ತಿಳಿಯುವುದಾದರೂ ಹೇಗೆ? ಕಥೆ ಚೆನ್ನಾಗಿ ಹೇಳಿಯೂ ಅಂಕ ಕಳೆದುಕೊಳ್ಳುವವರು ಜಾಸ್ತಿ ಎಡವುವುದು ಇಲ್ಲೇ.

ಮುಂದಿನ 3 ನಿಮಿಷ: ಘಟನೆ ಆರಿಸುವುದು

ಕರಡಿಗೆ ಬಿಟ್ಟ ಜಾಗದಲ್ಲಿ ಮೂರು ಘಟನೆ ಬರೆಯಿರಿ. ಒಂದೊಂದಕ್ಕೆ ಮೂರ್ನಾಲ್ಕು ಪದ ಸಾಕು. ನಮ್ಮ ಉದಾಹರಣೆಗೆ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಅವಳು ಬರೆದ ಮೂರು ಹೀಗಿವೆ: ಓಟದಲ್ಲಿ ಬಹುಮಾನ ಬಂದದ್ದು. ತಾತ ತೀರಿಕೊಂಡದ್ದು. ಅಜ್ಜಿಯ ಕನ್ನಡಕ ಮುರಿದು ಸುಮ್ಮನಿದ್ದದ್ದು.

ಈಗ ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಇದರ ಮುಖ್ಯ ಭಾಗ ಕೆಲವೇ ನಿಮಿಷಗಳಲ್ಲಿ ನಡೆದುಹೋಯಿತಾ? ಯಾರಾದರೂ ಆಡಿದ ಒಂದು ಮಾತಾದರೂ ನೆನಪಿದೆಯಾ? ನಾನು ಮಾಡಿದ್ದರಲ್ಲಿ ಅಥವಾ ಅಂದುಕೊಂಡಿದ್ದರಲ್ಲಿ ಹೇಳಲು ಸ್ವಲ್ಪ ಸಂಕೋಚವಾಗುವಂಥದ್ದು ಏನಾದರೂ ಇದೆಯಾ?

ಮೂರನೆಯ ಪ್ರಶ್ನೆಯೇ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಓಟದ ಬಹುಮಾನದಲ್ಲಿ ಸಂಕೋಚ ಏನೂ ಇಲ್ಲ, ಅಭ್ಯಾಸ ಮಾಡಿದೆ, ಓಡಿದೆ, ಗೆದ್ದೆ, ಖುಷಿಯಾಯಿತು ಅಂತ ಮುಗಿಯುತ್ತದೆ. ಸಾವಿನ ಬಗ್ಗೆ ಬರೆಯಬಾರದು ಅಂತಲ್ಲ. ಆದರೆ ಅಷ್ಟು ದೊಡ್ಡ ದುಃಖವನ್ನು 28 ನಿಮಿಷದಲ್ಲಿ ಹಿಡಿಯಲು ಹೊರಟರೆ ಎಲ್ಲರೂ ಬಳಸುವ ಮಾತುಗಳೇ ಕೈಗೆ ಸಿಗುತ್ತವೆ, ‘ಆಕಾಶವೇ ಕಳಚಿ ಬಿದ್ದಂತಾಯಿತು’ ಅನ್ನುವಂಥವು. ಬರೆಯಲೇಬೇಕು ಅನ್ನಿಸಿದರೆ ಇಡೀ ಸಾವನ್ನು ಬಿಟ್ಟು ಒಂದೇ ಮಧ್ಯಾಹ್ನವನ್ನು ಹಿಡಿಯಿರಿ. ಇನ್ನೂ ಹಸಿಯಾಗಿರುವ ನೋವಾಗಿದ್ದರೆ ಪರೀಕ್ಷೆಯಲ್ಲಿ ಅದನ್ನು ಮುಟ್ಟದಿರುವುದೇ ಒಳ್ಳೆಯದು, ಬರೆಯುತ್ತಾ ಅಳು ಬಂದರೆ ಗಡಿಯಾರ ಕಾಯುವುದಿಲ್ಲ.

ಕನ್ನಡಕದ ಕಥೆ ಚಿಕ್ಕದು. ಆದರೆ ಮೂರು ಪ್ರಶ್ನೆಗೂ ಹೌದು ಅನ್ನುತ್ತದೆ. ಅದನ್ನೇ ತೆಗೆದುಕೊಳ್ಳೋಣ.

ಸುಳ್ಳು ಘಟನೆ ಕಟ್ಟಬಹುದಾ ಅಂತ ಕೆಲವರು ಕೇಳುತ್ತಾರೆ. ನನ್ನ ಉತ್ತರ ಬೇಡ ಅಂತಲೇ. ಕಟ್ಟುಕಥೆಯಲ್ಲಿ ಅಪಘಾತ, ಬೆಂಕಿ, ಪ್ರಾಣ ಉಳಿಸಿದ್ದು ಎಲ್ಲವೂ ಇರುತ್ತದೆ, ಆದರೆ ಬಾಗಿಲು ಯಾವ ಕಡೆ ಇತ್ತು, ಯಾರು ಏನು ಹಿಡಿದುಕೊಂಡಿದ್ದರು ಅನ್ನುವಂಥ ಸಣ್ಣ ಸಂಗತಿ ಇರುವುದಿಲ್ಲ. ಬಹಳ ಉತ್ತರಪತ್ರಿಕೆ ಓದಿದವರಿಗೆ ಅದು ಬೇಗ ಕಾಣುತ್ತದೆ. ಅದಲ್ಲದೆ ಕಟ್ಟಲು ಸಮಯವೂ ಬೇಕು, ನೆನಪಿಗಾದರೆ ಅಷ್ಟು ಸಮಯ ಬೇಡ. ನಿಜವಾದ ಘಟನೆಯಲ್ಲಿ ಆಡಿದ ಮಾತು ಅಕ್ಷರಕ್ಕೆ ಅಕ್ಷರ ನೆನಪಿಲ್ಲದಿದ್ದರೆ ಅದರ ಅರ್ಥ ಕೆಡದಂತೆ ಹತ್ತಿರದ ಮಾತು ಬರೆದರೆ ತಪ್ಪಿಲ್ಲ.

ಇನ್ನು 3 ನಿಮಿಷ: ಐದು ಸಾಲಿನ ಟಿಪ್ಪಣಿ

ಪೂರ್ತಿ ವಾಕ್ಯ ಬೇಡ. ಆದರೆ ಐದೂ ಸಾಲು ಬೇಕು. ಆ ಹುಡುಗಿಯ ಟಿಪ್ಪಣಿ ಹೀಗಿದೆ ಅಂದುಕೊಳ್ಳಿ.

1. ಶುರು: ಮಂಚದ ಮೇಲೆ ಕೂತೆ, ‘ಟಕ್’ ಶಬ್ದ, ಕಡ್ಡಿ ಮುರಿಯಿತು, ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಿದೆ.
2. ಮೊದಲಿನ ಯೋಚನೆ: ನಾನು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದೆ ಅಷ್ಟೇ.
3. ಬಿಗಿಯಾದದ್ದು: ಅಮ್ಮ ತಮ್ಮನಿಗೆ ಬೈದರು. ಅಜ್ಜಿ ಕನ್ನಡಕ ಕೈಯಲ್ಲಿ ಹಿಡಿದು ಓದುತ್ತಿದ್ದರು.
4. ತಿರುವು: ಅಜ್ಜಿ ಪೇಪರ್ ಓದಿ ಹೇಳು ಅಂದರು. ನಾನು ಹೇಳಿಬಿಟ್ಟೆ. ‘ನನಗೆ ಗೊತ್ತಿತ್ತು.’
5. ಕೊನೆ: ತಮ್ಮನಿಗೆ ಹೇಳುವುದು ಅಜ್ಜಿಗೆ ಹೇಳಿದ್ದಕ್ಕಿಂತ ಕಷ್ಟ. ಸುಮ್ಮನಿದ್ದದ್ದರ ಬೆಲೆ ತೆತ್ತವನು ಅವನು.

ಟಿಪ್ಪಣಿ ಮಾಡುವಾಗ ಐದನೆಯ ಸಾಲನ್ನು ಮೊದಲು ಬರೆಯಿರಿ. ಎಲ್ಲಿಗೆ ಹೋಗಿ ಮುಟ್ಟಬೇಕು ಅನ್ನುವುದು ಗೊತ್ತಿದ್ದರೆ ದಾರಿಯಲ್ಲಿ ಏನು ಬೇಡ ಅನ್ನುವುದೂ ತಾನಾಗಿ ಗೊತ್ತಾಗುತ್ತದೆ. ಈ ಕಥೆಯಲ್ಲಿ ಅಜ್ಜಿಗೆ ಎಷ್ಟು ವಯಸ್ಸು, ಕನ್ನಡಕ ಯಾವಾಗ ತಂದದ್ದು, ಮನೆಯಲ್ಲಿ ಎಷ್ಟು ಜನ ಯಾವುದೂ ಬೇಕಾಗಿಲ್ಲ. ಪೆಟ್ಟಿಗೆ ಮುಚ್ಚಿದ್ದು ಮಾತ್ರ ಬೇಕೇ ಬೇಕು. ಯಾಕೆ ಅಂತ ಮುಂದೆ ನೋಡೋಣ.

ಮೊದಲ ಪ್ಯಾರಾ: ಪೀಠಿಕೆ ಬೇಡ

‘ಮನುಷ್ಯನ ಜೀವನದಲ್ಲಿ ಅನೇಕ ಘಟನೆಗಳು ನಡೆಯುತ್ತವೆ. ಅವುಗಳಲ್ಲಿ ಕೆಲವು ಸಿಹಿ, ಕೆಲವು ಕಹಿ. ನನ್ನ ಜೀವನದಲ್ಲಿಯೂ ಅಂತಹ ಒಂದು ಘಟನೆ ನಡೆಯಿತು.’ ಈ ಮೂರು ವಾಕ್ಯವನ್ನು ಯಾವ ಪ್ರಬಂಧದ ತಲೆಗೆ ಬೇಕಾದರೂ ಅಂಟಿಸಬಹುದು. ಎರಡು ನಿಮಿಷ ಹೋಯಿತು, ಹೇಳಿದ್ದು ಏನೂ ಇಲ್ಲ.

ಘಟನೆಯ ಒಳಗಿನಿಂದಲೇ ಶುರು ಮಾಡಿ. ಹೀಗೆ:

‘ಮಂಚದ ಮೇಲೆ ಕೂತ ತಕ್ಷಣ ಟಕ್ ಅಂತ ಶಬ್ದ ಬಂತು. ಎದ್ದು ನೋಡಿದರೆ ಅಜ್ಜಿಯ ಕನ್ನಡಕ. ಒಂದು ಕಡ್ಡಿ ಬುಡದಲ್ಲೇ ಮುರಿದಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಎರಡೂ ತುಂಡುಗಳನ್ನು ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಸರಿಯಾಗಿ ಕೂರಿಸಿ, ಕಿಟಕಿಯ ಹತ್ತಿರ ಇಟ್ಟು ಹೊರಗೆ ಬಂದೆ. ಯಾರಾದರೂ ಕೇಳಿದರೆ ಹೇಳಿದರಾಯಿತು, ನಾನಾಗಿ ಯಾಕೆ ಹೇಳಬೇಕು ಅಂದುಕೊಂಡೆ.’

ಇಲ್ಲಿ ಮೂರು ಕೆಲಸ ಮುಗಿದಿವೆ. ಏನಾಯಿತು ಗೊತ್ತಾಯಿತು. ಹುಡುಗಿ ಆಗ ಹೇಗೆ ಯೋಚಿಸುತ್ತಿದ್ದಳು ಅನ್ನುವುದು ಕೊನೆಯ ವಾಕ್ಯದಲ್ಲಿ ಬಂತು, ವಿಷಯದ ‘ಬದಲಿಸಿದ’ ಅನ್ನುವ ಪದಕ್ಕೆ ಅದೇ ನೆಲೆ. ಮುಚ್ಚಳ ಕೂರಿಸಿದ ವಿವರವೂ ಸದ್ದಿಲ್ಲದೆ ಬಂದು ಕೂತಿದೆ. ವಿಷಯದ ಹೆಸರನ್ನು ಮೊದಲ ಸಾಲಿನಲ್ಲೇ ಹೇಳಬೇಕು ಅಂತ ಭಯ ಪಡುವವರು ಎರಡನೆಯ ಪ್ಯಾರಾದ ಮೊದಲಲ್ಲಿ ‘ಆ ಒಂದು ವಾರ ನನ್ನ ಈ ಯೋಚನೆಯನ್ನು ಪೂರ್ತಿ ತಿರುಗಿಸಿತು’ ಅಂತ ಒಂದು ವಾಕ್ಯ ಹಾಕಿದರೆ ಸಾಕು. ನಿಮ್ಮ ಶಾಲೆಯಲ್ಲಿ ಪೀಠಿಕೆಗೇ ಬೇರೆ ಅಂಕ ಇದ್ದರೆ ಈ ಪ್ಯಾರಾವನ್ನೇ ಪೀಠಿಕೆಯಾಗಿ ಇಟ್ಟು ಆ ವಾಕ್ಯವನ್ನು ಅದರ ಕೊನೆಗೆ ಸೇರಿಸಿ.

ತಿರುವಿಗೆ ಜಾಗ ಕೊಡಿ

ಮೊದಲ ಪ್ಯಾರಾ ಆದ ಮೇಲೆ ಹೆಚ್ಚಿನವರು ಎಲ್ಲವನ್ನೂ ಒಂದೇ ವೇಗದಲ್ಲಿ ಹೇಳುತ್ತಾ ಹೋಗುತ್ತಾರೆ. ಸಂಜೆ ಅಮ್ಮ ಬಂದರು, ಕೇಳಿದರು, ತಮ್ಮನಿಗೆ ಬೈದರು, ರಾತ್ರಿ ಊಟವಾಯಿತು, ಮರುದಿನ ಶಾಲೆಗೆ ಹೋದೆ, ಹೀಗೆ. ಇದು ದಿನಚರಿ ಆಗುತ್ತದೆ. ನಡುವಿನ ದಿನಗಳನ್ನು ಎರಡು ಚಿತ್ರದಲ್ಲಿ ದಾಟಿಬಿಡಿ: ತಮ್ಮ ಎರಡು ಸಲ ‘ನಾನಲ್ಲ’ ಅಂದದ್ದು, ಆಮೇಲೆ ಅಜ್ಜಿ ಒಂದು ಕೈಯಲ್ಲಿ ಪೇಪರು, ಇನ್ನೊಂದು ಕೈಯಲ್ಲಿ ಕನ್ನಡಕ ಹಿಡಿದು ಓದುತ್ತಿದ್ದದ್ದು. ಅಷ್ಟೇ. ಉಳಿಸಿದ ಜಾಗವೆಲ್ಲ ತಿರುವಿಗೆ ಕೊಡಿ.

ತಿರುವು ಅಂದರೆ ನಿಮ್ಮೊಳಗೆ ಏನೋ ಸರಿದ ಗಳಿಗೆ. ಅಲ್ಲಿ ಕಥೆ ನಿಧಾನವಾಗಬೇಕು. ನಿಧಾನ ಮಾಡುವುದು ಕಷ್ಟವಲ್ಲ, ಯಾರು ಏನು ಮಾಡುತ್ತಿದ್ದರು, ಯಾರು ಏನು ಅಂದರು, ಆ ಹೊತ್ತಿಗೆ ನಿಮ್ಮ ತಲೆಯಲ್ಲಿ ಏನು ಓಡಿತು ಅನ್ನುವ ಮೂರನ್ನೂ ಒಂದರ ಹಿಂದೆ ಒಂದು ಬರೆಯುತ್ತಾ ಹೋದರೆ ತಾನಾಗಿ ನಿಧಾನವಾಗುತ್ತದೆ.

‘“ಪುಟ್ಟಿ, ನೀನೇ ಓದಿ ಹೇಳು, ನನಗೆ ಕೈ ನೋಯುತ್ತೆ” ಅಂತ ಅಜ್ಜಿ ಪೇಪರನ್ನು ನನ್ನ ಕಡೆ ಚಾಚಿದರು. ಒಂದು ಸಾಲು ಓದಿದೆ. ಎರಡನೆಯ ಸಾಲಿಗೆ ಅಕ್ಷರವೇ ಸರಿಯಾಗಿ ಕಾಣಲಿಲ್ಲ. “ಅಜ್ಜಿ, ಕನ್ನಡಕ ಮುರಿದದ್ದು ನಾನು” ಅಂದೆ. ಅಜ್ಜಿ ಬೈಯಲಿಲ್ಲ. “ಗೊತ್ತಿತ್ತು. ಅವನಾಗಿದ್ರೆ ಅಲ್ಲೇ ಬಿಟ್ಟು ಓಡ್ತಿದ್ದ. ಪೆಟ್ಟಿಗೆ ಮುಚ್ಚಿ ಇಡ್ತಿದ್ನಾ?” ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, “ತಮ್ಮನಿಗೆ ಹೇಳಿದ್ಯಾ?”’

ಪೆಟ್ಟಿಗೆ ಯಾಕೆ ಬೇಕಿತ್ತು ಅಂತ ಈಗ ಗೊತ್ತಾಯಿತಲ್ವಾ. ಮೊದಲ ಪ್ಯಾರಾದಲ್ಲಿ ಮುಚ್ಚಿದ ಮುಚ್ಚಳ ಇಲ್ಲಿ ಅವಳನ್ನೇ ಹಿಡಿದುಕೊಟ್ಟಿತು. ಪ್ರಬಂಧ ಬಿಗಿಯಾಗಿದೆ ಅಂತ ಓದುವವರಿಗೆ ಅನ್ನಿಸುವುದು ಇಂಥ ಒಂದು ವಿವರದಿಂದ. ಎರಡು ಮೂರು ಬೇಕಾಗಿಲ್ಲ. ಟಿಪ್ಪಣಿ ಮಾಡುವಾಗಲೇ ನಾಲ್ಕನೆಯ ಸಾಲನ್ನು ನೋಡಿ, ಇದಕ್ಕೆ ಬೇಕಾದ ವಸ್ತು ಯಾವುದು, ಅದನ್ನು ಮೊದಲ ಸಾಲಿನಲ್ಲಿ ಇಟ್ಟಿದ್ದೇನಾ ಅಂತ ಒಮ್ಮೆ ಕೇಳಿಕೊಂಡರೆ ಆಯಿತು.

ಇನ್ನೊಂದನ್ನು ಗಮನಿಸಿ. ಆ ಪ್ಯಾರಾದಲ್ಲಿ ‘ನನಗೆ ತುಂಬಾ ದುಃಖವಾಯಿತು, ಪಶ್ಚಾತ್ತಾಪವಾಯಿತು, ಕಣ್ಣೀರು ಧಾರಾಕಾರವಾಗಿ ಹರಿಯಿತು’ ಅಂತ ಎಲ್ಲೂ ಇಲ್ಲ. ಅಕ್ಷರ ಕಾಣದೇ ಹೋದದ್ದೇ ಸಾಕಾಯಿತು. ಭಾವನೆಯ ಹೆಸರು ಬರೆಯಲೇಬಾರದು ಅಂತೇನಿಲ್ಲ, ಆದರೆ ಅದಕ್ಕೆ ಮೊದಲು ಕಣ್ಣಿಗೆ ಕಾಣುವ ಅಥವಾ ಕಿವಿಗೆ ಕೇಳುವ ಒಂದು ಸಂಗತಿ ಇರಲಿ. ಬರೀ ಹೆಸರುಗಳೇ ಸಾಲಾಗಿ ಬಂದರೆ ಬರೆದವರು ನಿಜವಾಗಿ ಅಲ್ಲಿದ್ದರಾ ಅಂತ ಅನುಮಾನ ಬರುತ್ತದೆ.

ಮಾತುಗಳ ಭಾಷೆಯ ಬಗ್ಗೆಯೂ ಒಂದು ಮಾತು. ಅಜ್ಜಿ ‘ಓಡ್ತಿದ್ದ’ ಅಂದರೆ ಹಾಗೇ ಬರೆಯಿರಿ, ಉದ್ಧರಣ ಚಿಹ್ನೆಯ ಒಳಗೆ ಆಡುಮಾತು ಸರಿ. ಚಿಹ್ನೆಯ ಹೊರಗೆ, ಕಥೆ ಹೇಳುವ ವಾಕ್ಯಗಳಲ್ಲಿ ‘ಅಂದರು’, ‘ಕೇಳಿದರು’ ಅಂತ ಬರಹದ ರೂಪ ಇರಲಿ. ಹೊರಗೂ ‘ಅಂದ್ರು, ಕೇಳಿದ್ರು’ ಶುರುವಾದರೆ ಅದನ್ನು ತಪ್ಪು ಅಂತ ಎಣಿಸುವವರಿದ್ದಾರೆ.

ಕೊನೆ: ನೀತಿಯಲ್ಲ, ನಿಜ

‘ಅಂದಿನಿಂದ ನಾನು ಎಂದಿಗೂ ಸುಳ್ಳು ಹೇಳಬಾರದೆಂದು ನಿರ್ಧರಿಸಿದೆ. ಸತ್ಯಕ್ಕೆ ಸಾವಿಲ್ಲ.’ ಇದನ್ನು ಓದಿ ಯಾರೂ ನಂಬುವುದಿಲ್ಲ, ಬರೆದವರೂ ನಂಬಿರುವುದಿಲ್ಲ. ಪ್ರಾಮಾಣಿಕ ಪ್ರಬಂಧ ಸುಳ್ಳಾಗುವುದು ಹೆಚ್ಚಾಗಿ ಈ ಕೊನೆಯ ಪ್ಯಾರಾದಲ್ಲೇ, ಅದೂ ಒಳ್ಳೆಯವರಾಗಿ ಕಾಣಬೇಕು ಅನ್ನುವ ಆಸೆಯಿಂದ. ನಿಮ್ಮ ಬದಲಾವಣೆ ಎಷ್ಟಿತ್ತೋ ಅಷ್ಟೇ ಬರೆಯಿರಿ. ಚಿಕ್ಕದಾಗಿದ್ದರೆ ಚಿಕ್ಕದು.

ಅದನ್ನು ಕಂಡುಹಿಡಿಯಲು ಒಂದು ಪ್ರಶ್ನೆ ಸಹಾಯ ಮಾಡುತ್ತದೆ: ಅದಾದ ಮೇಲೆ ನಾನು ಮಾಡಿದ ಒಂದು ಕೆಲಸ ಯಾವುದು? ಅಂದುಕೊಂಡದ್ದಲ್ಲ, ಮಾಡಿದ್ದು. ನಮ್ಮ ಹುಡುಗಿಯ ಉತ್ತರ ಹೀಗಿರಬಹುದು:

‘ತಮ್ಮನಿಗೆ ಆ ರಾತ್ರಿಯೇ ಹೇಳಿದೆ. ಪರವಾಗಿಲ್ಲ ಅಂತ ಅವನು ಅನ್ನಲಿಲ್ಲ. “ಅಮ್ಮನಿಗೂ ಹೇಳ್ತೀಯಾ?” ಅಂತ ಮಾತ್ರ ಕೇಳಿದ. ಅಮ್ಮನಿಗೆ ಹೇಳಲು ನನಗೆ ಇನ್ನೂ ಎರಡು ದಿನ ಬೇಕಾಯಿತು. ಸುಮ್ಮನಿದ್ದರೆ ಯಾರಿಗೂ ನಷ್ಟವಿಲ್ಲ ಅಂತ ನಾನು ತಿಳಿದಿದ್ದೆ. ಆದರೆ ನಾನು ಸುಮ್ಮನಿದ್ದ ಅಷ್ಟೂ ದಿನ ಬೈಗುಳ ತಿಂದವನು ಅವನು, ಕೈ ನೋಯಿಸಿಕೊಂಡವರು ಅಜ್ಜಿ. ಈಗಲೂ ತಪ್ಪು ಒಪ್ಪಿಕೊಳ್ಳಲು ನನಗೆ ಹೆದರಿಕೆಯಾಗುತ್ತದೆ. ಆದರೆ ಈಗ ಹೆದರಿದಾಗ, ನನ್ನ ಬದಲು ಯಾರು ಬೈಸಿಕೊಳ್ಳುತ್ತಿದ್ದಾರೆ ಅಂತ ಒಮ್ಮೆ ನೋಡುತ್ತೇನೆ.’

ಆ ಎರಡು ದಿನ ತಡವಾದದ್ದನ್ನು ಮುಚ್ಚಿಡಬಹುದಿತ್ತು. ಹೇಳಿದ್ದರಿಂದಲೇ ಉಳಿದದ್ದೆಲ್ಲ ನಂಬಿಕೆಗೆ ಬಂತು. ಮೊದಲ ಪ್ಯಾರಾದ ‘ನಾನಾಗಿ ಯಾಕೆ ಹೇಳಬೇಕು’ ಅನ್ನುವುದಕ್ಕೂ ಇಲ್ಲಿನ ಕೊನೆಯ ವಾಕ್ಯಕ್ಕೂ ಇರುವ ಅಂತರವೇ ವಿಷಯ ಕೇಳಿದ ‘ಬದಲಾವಣೆ’. ಬೇರೆ ವಿವರಣೆ ಬೇಕಾಗಿಲ್ಲ.

ಗಡಿಯಾರ ಕೈಕೊಟ್ಟರೆ

ನಿಮ್ಮ ಬರವಣಿಗೆಯ ವೇಗ ನಿಮಗೆ ಮೊದಲೇ ಗೊತ್ತಿರಬೇಕು. ಮನೆಯಲ್ಲಿ ಒಮ್ಮೆ ಯೋಚಿಸುತ್ತಾ, ಅಂದರೆ ನೋಡಿ ನಕಲು ಮಾಡದೆ, ಒಂದು ಪುಟ ಬರೆದು ಎಷ್ಟು ನಿಮಿಷ ಹಿಡಿಯಿತು ನೋಡಿ. 12 ನಿಮಿಷ ಹಿಡಿದರೆ 28 ನಿಮಿಷದಲ್ಲಿ ಎರಡು ಪುಟಕ್ಕಿಂತ ಸ್ವಲ್ಪ ಹೆಚ್ಚು ಆಗುತ್ತದೆ, ನಾಲ್ಕು ಪುಟದ ಕನಸು ಬೇಡ. ಆ ಎರಡು ಪುಟದಲ್ಲಿ ಶುರುವಿಗೂ ನಡುವಿನ ದಿನಗಳಿಗೂ ಸೇರಿ ಮುಕ್ಕಾಲು ಪುಟ, ತಿರುವಿಗೆ ಒಂದು ಪುಟ ಹತ್ತಿರ, ಉಳಿದದ್ದು ಕೊನೆಗೆ.

ಪರೀಕ್ಷೆ ಶುರುವಾಗಿ 20 ನಿಮಿಷ ಆದಾಗ ಒಮ್ಮೆ ಗಡಿಯಾರ ನೋಡಿ. ಆ ಹೊತ್ತಿಗೆ ನೀವು ತಿರುವಿನ ಪ್ಯಾರಾ ಶುರು ಮಾಡಿರಬೇಕು. ಇನ್ನೂ ಅಮ್ಮ ತಮ್ಮನಿಗೆ ಬೈಯುತ್ತಲೇ ಇದ್ದರೆ, ಬರೆಯುತ್ತಿರುವ ವಾಕ್ಯ ಮುಗಿಸಿ, ಹೊಸ ಪ್ಯಾರಾ ತೆಗೆದು ‘ಮೂರು ದಿನ ಹೀಗೇ ಕಳೆಯಿತು’ ಅಂತ ಬರೆದು ನೇರವಾಗಿ ಅಜ್ಜಿಯ ಹತ್ತಿರ ಹೋಗಿ. ಬಿಟ್ಟದ್ದು ಏನು ಅಂತ ನಿಮಗೆ ಮಾತ್ರ ಗೊತ್ತಿರುತ್ತದೆ, ಓದುವವರಿಗೆ ಗೊತ್ತಾಗುವುದಿಲ್ಲ.

ಇನ್ನೂ ಕೆಟ್ಟ ಪರಿಸ್ಥಿತಿ ಅಂದರೆ 4 ನಿಮಿಷ ಉಳಿದಿದೆ, ತಿರುವು ಅರ್ಧದಲ್ಲಿದೆ. ಆಗ ತಿದ್ದುವ ಸಮಯವನ್ನು ಬಿಟ್ಟುಬಿಡಿ. ಮಾತುಕತೆಯ ಮುಖ್ಯ ಒಂದು ಸಾಲು ಬರೆಯಿರಿ, ತಕ್ಷಣ ಟಿಪ್ಪಣಿಯ ಐದನೆಯ ಸಾಲನ್ನು ಮೂರು ವಾಕ್ಯ ಮಾಡಿ ಬರೆದು ಮುಗಿಸಿ. ಕೊನೆಯನ್ನು ಮೊದಲೇ ಬರೆದಿಡಿ ಅಂದದ್ದು ಇದಕ್ಕೇ. ನಡುವೆ ತೆಳುವಾದ ಪ್ರಬಂಧ ನಡೆಯುತ್ತದೆ, ಅರ್ಧಕ್ಕೆ ನಿಂತ ಪ್ರಬಂಧ ಎರಡನೆಯ ಬೇಡಿಕೆಯನ್ನೇ ಕಳೆದುಕೊಳ್ಳುತ್ತದೆ.

ಕೊನೆಯ 5 ನಿಮಿಷ

ತುಟಿ ಅಲ್ಲಾಡಿಸುತ್ತಾ, ಸದ್ದು ಬರದಂತೆ ಓದಿ. ಎಲ್ಲಿ ಉಸಿರು ಸಾಲದೆ ನಿಲ್ಲುತ್ತೀರೋ ಆ ವಾಕ್ಯ ತೀರಾ ಉದ್ದವಾಗಿದೆ, ನಡುವೆ ಪೂರ್ಣವಿರಾಮ ಹಾಕಿ ಎರಡು ಮಾಡಿ. ಆತುರದಲ್ಲಿ ಬರೆದ ಉದ್ದ ವಾಕ್ಯದಲ್ಲಿ ಶುರುವಿನ ಕರ್ತೃ ಒಬ್ಬರು, ಕೊನೆಯ ಕ್ರಿಯಾಪದ ಇನ್ನೊಬ್ಬರದ್ದು ಆಗಿರುತ್ತದೆ, ‘ಅಜ್ಜಿ ನನ್ನನ್ನು ಕರೆದು ಪೇಪರ್ ಕೊಟ್ಟು ನಾನು ಓದಿದರು’ ಅನ್ನುವ ಹಾಗೆ. ಮೊದಲು ಹುಡುಕಬೇಕಾದದ್ದು ಇದನ್ನೇ. ಆಮೇಲೆ ಕಾಲ: ‘ಬಂದರು, ಕೇಳಿದರು’ ಅಂತ ಹೋಗುತ್ತಿದ್ದದ್ದು ನಡುವೆ ‘ನೋಡುತ್ತಾರೆ’ ಆಗಿದೆಯಾ ನೋಡಿ. ಆಮೇಲೆ ‘ನಾನು’. ಕನ್ನಡದಲ್ಲಿ ‘ಕೂತೆ’ ಅಂದರೆ ಕೂತದ್ದು ನಾನೇ ಅಂತ ಗೊತ್ತಾಗುತ್ತದೆ, ಹಾಗಾಗಿ ಒಂದೇ ಪ್ಯಾರಾದಲ್ಲಿ ಐದಾರು ‘ನಾನು’ ಇದ್ದರೆ ಎರಡು ಉಳಿಸಿ ಮಿಕ್ಕದ್ದನ್ನು ಒಂದೇ ಗೆರೆ ಎಳೆದು ಹೊಡೆದುಹಾಕಿ. ಒತ್ತಕ್ಷರ, ದೀರ್ಘ, ‘ಅ’ ಮತ್ತು ‘ಹ’ ನಡುವಿನ ಗೊಂದಲ ಯಾವುದರಲ್ಲಿ ನೀವು ಪದೇ ಪದೇ ತಪ್ಪುತ್ತೀರೋ ಅದೊಂದನ್ನು ಮಾತ್ರ ಹುಡುಕಿ, ಎಲ್ಲವನ್ನೂ ಹುಡುಕಲು ಸಮಯ ಇರುವುದಿಲ್ಲ. ಹೊಸ ವಿಚಾರ ಸೇರಿಸಲು ಈ ಹೊತ್ತು ಬೇಡ. ಅಂಚಿನಲ್ಲಿ ಬಾಣ ಹಾಕಿ ತುರುಕಿದ ವಾಕ್ಯ ಹೆಚ್ಚಾಗಿ ಸುತ್ತಲಿನದನ್ನು ಕೆಡಿಸುತ್ತದೆ.

ಪರೀಕ್ಷೆಗೆ ಮೊದಲು ಮಾಡಬಹುದಾದದ್ದು

ಪ್ರಬಂಧವನ್ನು ಬಾಯಿಪಾಠ ಮಾಡಬೇಡಿ. ‘ಮರೆಯಲಾಗದ ದಿನ’ ಅಂತ ಕಲಿತದ್ದನ್ನು ‘ನಾನು ಧೈರ್ಯ ತೋರಿದ ಸಂದರ್ಭ’ಕ್ಕೆ ಎಳೆದು ತಂದರೆ ಹೊಲಿಗೆ ಎದ್ದು ಕಾಣುತ್ತದೆ. ಅದರ ಬದಲು ನಾಲ್ಕೈದು ನಿಜವಾದ ಘಟನೆಗಳನ್ನು ನೆನಪು ಮಾಡಿಟ್ಟುಕೊಳ್ಳಿ: ತಪ್ಪು ಮಾಡಿದ್ದು, ಹೆದರಿದ್ದು, ಯಾರೋ ಸಹಾಯ ಮಾಡಿದ್ದು, ಯಾರ ಬಗ್ಗೆಯೋ ತಪ್ಪಾಗಿ ತಿಳಿದಿದ್ದು, ಏನನ್ನೋ ಬಿಟ್ಟುಕೊಟ್ಟಿದ್ದು. ಒಂದೊಂದಕ್ಕೂ ಆ ಐದು ಸಾಲು ಬರೆದು ನೋಡಿ. ಕನ್ನಡಕದ ಘಟನೆಯನ್ನೇ ‘ತಪ್ಪಿನಿಂದ ಕಲಿತದ್ದು’ ಅಂತ ಕೇಳಿದರೂ ಬರೆಯಬಹುದು, ‘ನನ್ನ ಅಜ್ಜಿಯಿಂದ ನಾನು ಕಲಿತದ್ದು’ ಅಂದರೂ ಬರೆಯಬಹುದು. ಮೊದಲ ನಾಲ್ಕು ಸಾಲು ಹೆಚ್ಚೂ ಕಡಿಮೆ ಹಾಗೇ ಇರುತ್ತದೆ, ಐದನೆಯದು ವಿಷಯಕ್ಕೆ ತಕ್ಕಂತೆ ತಿರುಗುತ್ತದೆ. ಅಜ್ಜಿಯ ವಿಷಯವಾದರೆ, ಮೊದಲೇ ಗೊತ್ತಿದ್ದರೂ ಅವರು ಕಾದು ಕೂತದ್ದು ಮುಖ್ಯವಾಗುತ್ತದೆ.

ಅಭ್ಯಾಸಕ್ಕೆ ಪ್ರತಿ ಸಲ ಪೂರ್ತಿ ಪ್ರಬಂಧ ಬರೆಯಬೇಕಾಗಿಲ್ಲ. ಗಡಿಯಾರ ಇಟ್ಟು 7 ನಿಮಿಷದಲ್ಲಿ ಟಿಪ್ಪಣಿ, 10 ನಿಮಿಷದಲ್ಲಿ ತಿರುವಿನ ಪ್ಯಾರಾ ಒಂದೇ ಬರೆಯಿರಿ. ಅದನ್ನು ಆ ದಿನ ನಿಮ್ಮ ಜೊತೆ ಅಲ್ಲಿದ್ದ ಯಾರಿಗಾದರೂ ಓದಲು ಕೊಟ್ಟು, ಹೀಗೇ ನಡೆಯಿತಾ ಅಂತ ಕೇಳಿ. ಅವರು ‘ಇದೊಂದು ಬಿಟ್ಟಿದ್ದೀಯಲ್ಲ’ ಅಂತ ಹೇಳುವ ವಿವರವನ್ನು ಟಿಪ್ಪಣಿಯ ಪಕ್ಕದಲ್ಲಿ ಬರೆದುಕೊಳ್ಳಿ.